ನೋಯಿಸಿದ ಸಂಬಂಧದಿಂದ ಹೊರಬಂದ ಮೇಲೆ, ಇನ್ನೊಬ್ಬರನ್ನು ಭೇಟಿಯಾಗುವ ಮುನ್ನ ನನ್ನ ಮೇಲಿನ ನಂಬಿಕೆಯನ್ನು ಮರಳಿ ಪಡೆಯುವುದು ಹೇಗೆ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನನಗೆ ಮೂವತ್ತೊಂದು ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಮೂರು ವರ್ಷಕ್ಕೂ ಹೆಚ್ಚು ಕಾಲ ಒಬ್ಬರ ಜೊತೆ ಸಂಬಂಧದಲ್ಲಿದ್ದೆ. ಕಳೆದ ದೀಪಾವಳಿಯ ಹೊತ್ತಿಗೆ ಅದನ್ನು ನಾನೇ ಮುಗಿಸಿದೆ. ಅವರು ಒಮ್ಮೆಯೂ ಕೈ ಎತ್ತಿದವರಲ್ಲ. ಆದರೆ ಎಲ್ಲಿದ್ದೇನೆ ಎಂಬುದಕ್ಕೆ ಪ್ರತಿದಿನ ಪುರಾವೆ ಕೇಳುತ್ತಿದ್ದರು. ಹೋಟೆಲಿಗೆ ಹೋದರೆ ಬಿಲ್ಲಿನ ಚಿತ್ರ ಕಳಿಸಬೇಕಿತ್ತು, ಗೆಳತಿಯ ಮನೆಗೆ ಹೋದರೆ ಅಲ್ಲಿಂದ ವಿಡಿಯೊ ಕರೆ ಮಾಡಬೇಕಿತ್ತು. ನಾನು ಎದುರು ಮಾತಾಡಿದರೆ ದಿನಗಟ್ಟಲೆ ಮೌನವಾಗಿದ್ದು, ನಾನು ಕ್ಷಮೆ ಕೇಳಿದ ಮೇಲೆ ತುಂಬಾ ಅಕ್ಕರೆಯಿಂದ ನಡೆದುಕೊಳ್ಳುತ್ತಿದ್ದರು. "ನಿನ್ನಂಥವಳನ್ನು ಸಹಿಸಿಕೊಳ್ಳುವವನು ನಾನೊಬ್ಬನೇ" ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಈಗ ಅವರ ಸಂಪರ್ಕವಿಲ್ಲ. ಆದರೂ ಮೊನ್ನೆ ದರ್ಶಿನಿಯೊಂದರಲ್ಲಿ ಖಾರಾಬಾತ್ ತೆಗೆದುಕೊಳ್ಳಲೋ ಇಡ್ಲಿ ತೆಗೆದುಕೊಳ್ಳಲೋ ಎಂದು ನಿರ್ಧರಿಸಲಾಗದೆ ಸಾಲಿನಿಂದ ಆಚೆ ಬಂದು ನಿಂತೆ. ಕೊನೆಗೆ ಹಣ ಕೊಟ್ಟ ಮೇಲೆ ನನಗೇ ಗೊತ್ತಿಲ್ಲದಂತೆ ಫೋನ್ ತೆಗೆದು ಬಿಲ್ಲಿನ ಚಿತ್ರ ತೆಗೆಯುತ್ತಿದ್ದೆ. ಅದನ್ನು ಕಳಿಸಲು ಯಾರೂ ಇರಲಿಲ್ಲ.

ಗೆಳತಿಯರು ಡೇಟಿಂಗ್ ಆ್ಯಪ್ ಹಾಕಿಕೊಳ್ಳಲು ಹೇಳುತ್ತಿದ್ದಾರೆ, ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ನನಗೂ ಜೊತೆ ಬೇಕು ಎನ್ನಿಸುತ್ತದೆ. ಆದರೆ ಯಾರು ಒಳ್ಳೆಯವರು ಎಂದು ತೀರ್ಮಾನಿಸುವ ಶಕ್ತಿಯೇ ನನ್ನಲ್ಲಿ ಉಳಿದಿಲ್ಲ ಎಂಬ ಭಯವಿದೆ. ಇದನ್ನು ಮರಳಿ ಪಡೆಯಲು ದಿನನಿತ್ಯ ಏನು ಮಾಡಬೇಕು? "ನಿನ್ನನ್ನು ನೀನು ಪ್ರೀತಿಸು" ಎಂಬ ಸಲಹೆ ಸಾಕಷ್ಟು ಸಿಕ್ಕಿದೆ. ಅದನ್ನು ಹೇಗೆ ಮಾಡುವುದು ಎಂದು ಯಾರೂ ಹೇಳಲಿಲ್ಲ.

ಕೊಡಚಾದ್ರಿ

ಸಹೋದರಿ, ಮೊದಲು ಆ ವ್ಯಕ್ತಿಯ ಸಂಖ್ಯೆಯನ್ನು ಎಲ್ಲ ಕಡೆಯೂ ತಡೆಹಿಡಿಯಿರಿ. ಹಳೆಯ ಸಂದೇಶಗಳನ್ನು ರಾತ್ರಿ ಕುಳಿತು ಓದುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಎರಡನೆಯದಾಗಿ, ಸಂಬಂಧ ಎಷ್ಟು ವರ್ಷ ಇತ್ತೋ ಅದರ ಅರ್ಧದಷ್ಟು ಕಾಲ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಬಾರದು. ನಿಮ್ಮ ಲೆಕ್ಕದಲ್ಲಿ ಒಂದೂವರೆ ವರ್ಷ. ಅಷ್ಟರಲ್ಲಿ ನಿಮ್ಮ ಒಳ್ಳೆಯ ಗುಣಗಳ ಪಟ್ಟಿಯೊಂದನ್ನು ಬರೆದು ಪ್ರತಿದಿನ ಬೆಳಿಗ್ಗೆ ಕನ್ನಡಿಯ ಮುಂದೆ ಓದಿಕೊಳ್ಳಿ. ಸಮಯ ಎಲ್ಲವನ್ನೂ ಸರಿಮಾಡುತ್ತದೆ.

ಅಮ್ಮನ ಅಂಗಳ

ಮಗಳೇ, ನಿನ್ನ ಮಾತು ಓದಿ ಕರುಳು ಚುರುಕ್ ಎಂದಿತು. ಆದರೆ ಹೊಡೆತ ಬಡಿತ ಇಲ್ಲ, ಕುಡಿತ ಇಲ್ಲ ಎಂದರೆ ಮುರಿದುಕೊಳ್ಳುವ ಮೊದಲು ಎರಡೂ ಕಡೆಯ ಹಿರಿಯರನ್ನು ಕೂರಿಸಿ ಮಾತನಾಡಬಹುದಿತ್ತು. ಅನುಮಾನದ ಸ್ವಭಾವ ಕೆಲವು ಗಂಡಸರಿಗೆ ಮದುವೆಯಾದ ಮೇಲೆ ಕಡಿಮೆಯಾಗುತ್ತದೆ. ಈಗಲೂ ಅವನು ಬದಲಾಗಲು ಸಿದ್ಧನಿದ್ದರೆ ಒಮ್ಮೆ ಯೋಚಿಸು.

ಶಾಲ್ಮಲಾ

ಸಂಜೆಮಲ್ಲಿಗೆ ಅವರೇ, ನಾನು ಧಾರವಾಡದಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಇಂಥ ಸಂಬಂಧಗಳಿಂದ ಹೊರಬಂದವರ ಜೊತೆ ಬಹಳ ವರ್ಷಗಳಿಂದ ಮಾತನಾಡಿದ್ದೇನೆ. ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಮೊದಲು ಅಮ್ಮನವರಿಗೆ ಒಂದು ಮಾತು. ಸಂಜೆಮಲ್ಲಿಗೆ ಅವರು ಹಿಂದಿರುಗಿ ಹೋಗಬೇಕೇ ಎಂದು ಕೇಳುತ್ತಿಲ್ಲ, ಹೊರಬಂದ ಮೇಲೆ ಏನು ಮಾಡಬೇಕು ಎಂದು ಕೇಳುತ್ತಿದ್ದಾರೆ. ಇನ್ನೊಬ್ಬರ ಓಡಾಟ, ಖರ್ಚು, ಗೆಳೆತನಗಳಿಗೆ ದಿನವೂ ಪುರಾವೆ ಕೇಳುವುದು ಬರಿಯ ಅನುಮಾನದ ಸ್ವಭಾವವಲ್ಲ, ಅದು ಹತೋಟಿಯಲ್ಲಿಡುವ ಕ್ರಮ. ಮದುವೆಯಾದ ಮೇಲೆ ಅಂಥ ಹತೋಟಿ ಸಾಮಾನ್ಯವಾಗಿ ಬಿಗಿಯಾಗುತ್ತದೆ, ಏಕೆಂದರೆ ಆಗ ಬಿಟ್ಟುಹೋಗುವ ದಾರಿ ಇನ್ನಷ್ಟು ಕಠಿಣವಾಗಿರುತ್ತದೆ. ನಮ್ಮ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಕೂಡ ಹಿಂಸೆ ಎಂದರೆ ಹೊಡೆತ ಮಾತ್ರ ಎಂದು ಹೇಳುವುದಿಲ್ಲ. ಮಾತಿನ ಮತ್ತು ಭಾವನಾತ್ಮಕ ಹಿಂಸೆಯನ್ನೂ ಅದು ಸೇರಿಸಿಕೊಂಡಿದೆ.

ಇನ್ನು ನಿಮ್ಮ ಪ್ರಶ್ನೆ. ನೀವು ದರ್ಶಿನಿಯ ಸಂಗತಿಯನ್ನು ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಪೆಟ್ಟು ಎಲ್ಲಿ ಬಿದ್ದಿದೆ ಎಂಬುದು ಅಲ್ಲಿ ಕಾಣುತ್ತದೆ. ನೀವು ಕೆಲಸದಲ್ಲಿ ಚುರುಕಾಗಿರಬಹುದು, ನೋಡಲು ಚೆನ್ನಾಗಿದ್ದೇನೆ ಎಂಬುದೂ ನಿಮಗೆ ಗೊತ್ತಿರಬಹುದು. ನಿಮ್ಮಿಂದ ಹೋಗಿರುವುದು "ನನಗೆ ಕಂಡದ್ದು ನಿಜ, ನನಗೆ ಬೇಕೆನಿಸಿದ್ದು ಲೆಕ್ಕಕ್ಕೆ ಬರುತ್ತದೆ" ಎಂಬ ವಿಶ್ವಾಸ. ಬಹಳ ಕಾಲ ನಿಮ್ಮ ಪ್ರತಿಯೊಂದು ಆಯ್ಕೆಯನ್ನೂ ಇನ್ನೊಬ್ಬರು ಪರೀಕ್ಷಿಸಿ ಸರಿ ತಪ್ಪು ಹೇಳುತ್ತಿದ್ದರು. ಆ ಪರೀಕ್ಷಕರು ಹೋದರೂ ಪರೀಕ್ಷೆ ನಡೆಯುತ್ತಲೇ ಇದೆ. ಈ ಕಾರಣಕ್ಕೇ ಗುಣಗಳ ಪಟ್ಟಿಯನ್ನು ಓದುವುದು ನಿಮಗೆ ಹೆಚ್ಚು ಕೆಲಸ ಮಾಡಲಾರದು. "ನಾನು ಒಳ್ಳೆಯವಳು" ಎಂದು ನೀವು ಓದಿದ ಕೂಡಲೇ ಒಳಗಿನ ಧ್ವನಿಯೊಂದು "ಹಾಗೆಂದು ಹೇಳುವುದಕ್ಕೆ ನೀನು ಯಾರು?" ಎಂದು ಕೇಳುತ್ತದೆ.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಮೆಲನಿ ಫೆನೆಲ್ 1997ರಲ್ಲಿ ಸ್ವಾಭಿಮಾನದ ಕೊರತೆಯನ್ನು ವಿವರಿಸಿದ ರೀತಿಯನ್ನು ನಾನು ಹೆಚ್ಚಾಗಿ ಬಳಸುತ್ತೇನೆ. ತಳದಲ್ಲಿ ತನ್ನ ಬಗ್ಗೆ ಒಂದು ತೀರ್ಪು ಇರುತ್ತದೆ. ನಿಮ್ಮ ವಿಷಯದಲ್ಲಿ ಅದು "ನನ್ನನ್ನು ಸಹಿಸಿಕೊಳ್ಳುವುದು ಕಷ್ಟ" ಎಂಬುದಾಗಿರಬಹುದು. ಆ ತೀರ್ಪು ನಿಜವಾಗಿಬಿಡದಂತೆ ನೋಡಿಕೊಳ್ಳಲು ಮನಸ್ಸು ಕೆಲವು ಕಟ್ಟುಪಾಡುಗಳನ್ನು ಮಾಡಿಕೊಳ್ಳುತ್ತದೆ: ಯಾರಿಗೂ ಇಲ್ಲ ಎನ್ನಬಾರದು, ಮೊದಲೇ ಕ್ಷಮೆ ಕೇಳಬೇಕು, ಪುರಾವೆ ಸಿದ್ಧವಾಗಿರಬೇಕು. ಈ ಕಟ್ಟುಪಾಡುಗಳನ್ನು ಪಾಲಿಸುತ್ತಿರುವವರೆಗೂ ತಳದ ತೀರ್ಪು ಸುಳ್ಳೆಂದು ತಿಳಿಯುವ ಅವಕಾಶವೇ ಬರುವುದಿಲ್ಲ. ಆದ್ದರಿಂದ ವಾದ ಮಾಡಿ ತೀರ್ಪನ್ನು ಬದಲಿಸಲು ಹೋಗುವ ಬದಲು, ಕಟ್ಟುಪಾಡೊಂದನ್ನು ಬೇಕೆಂದೇ ಮುರಿದು ಏನಾಗುತ್ತದೆ ಎಂದು ನೋಡಬೇಕು.

ಇದಕ್ಕೆ ಒಂದು ಸಾಮಾನ್ಯ ನೋಟುಪುಸ್ತಕ ಸಾಕು. ಒಂದು ಸಣ್ಣ ಸಂದರ್ಭವನ್ನು ಆರಿಸಿಕೊಳ್ಳಿ. ಗೆಳತಿಯೊಬ್ಬರು ಭಾನುವಾರ ಸಿನಿಮಾಕ್ಕೆ ಕರೆದರೆಂದುಕೊಳ್ಳಿ, ನಿಮಗೆ ಹೋಗಲು ಮನಸ್ಸಿಲ್ಲ. ಉತ್ತರ ಕೊಡುವ ಮೊದಲು, "ಬರುವುದಿಲ್ಲ ಎಂದರೆ ಏನಾಗುತ್ತದೆ ಎಂದು ನನಗೆ ಅನ್ನಿಸುತ್ತಿದೆ?" ಎಂದು ಬರೆಯಿರಿ. ಅದು ಹೊರಗಿನಿಂದ ಕಾಣುವಂಥದ್ದಾಗಿರಬೇಕು. "ಬೇಸರವಾಗುತ್ತದೆ" ಎಂದರೆ ಸಾಲದು, "ಎರಡು ದಿನ ಸಂದೇಶ ಕಳಿಸುವುದಿಲ್ಲ" ಎಂದು ಬರೆಯಬೇಕು. ಆ ಭಯವನ್ನು ನೂರಕ್ಕೆ ಎಷ್ಟು ನಂಬುತ್ತೀರಿ ಎಂಬುದನ್ನೂ ಬರೆಯಿರಿ. ಆಮೇಲೆ ಕಾರಣ ಕೊಡದೆ, ಕ್ಷಮೆ ಕೇಳದೆ "ಈ ಭಾನುವಾರ ಬರುವುದಿಲ್ಲ, ನೀವು ಹೋಗಿಬನ್ನಿ" ಎಂದಷ್ಟೇ ಹೇಳಿ. ನಿಜವಾಗಿ ನಡೆದದ್ದನ್ನು ಮರುದಿನ ಅದರ ಪಕ್ಕದಲ್ಲಿ ಬರೆಯಿರಿ. ಭಯವನ್ನು ಮುಂಚಿತವಾಗಿಯೇ ಬರೆದಿಡುವುದು ಮುಖ್ಯ. ನಡೆದ ಮೇಲೆ ಬರೆದರೆ "ನನಗೆ ಅಷ್ಟೇನೂ ಭಯವಿರಲಿಲ್ಲ" ಎಂದು ಮನಸ್ಸು ಹೇಳಿಕೊಂಡುಬಿಡುತ್ತದೆ, ಕಲಿತದ್ದು ಅಲ್ಲಿಗೆ ಕಳೆದುಹೋಗುತ್ತದೆ.

ಇದನ್ನು ಆ ಹಳೆಯ ವ್ಯಕ್ತಿಯ ಜೊತೆಗಾಗಲಿ, ಸಿಟ್ಟು ತೀರಿಸಿಕೊಳ್ಳುವ ಸ್ವಭಾವದ ಮೇಲಧಿಕಾರಿಯ ಜೊತೆಗಾಗಲಿ ಮಾಡಬೇಡಿ. ಅಲ್ಲಿ ನಿಮ್ಮ ಭಯ ನಿಜವೇ ಆಗಬಹುದು. ನಿದ್ದೆ ಪೂರ್ತಿ ಕೆಟ್ಟಿದ್ದರೆ, ಕೆಟ್ಟ ಕನಸುಗಳು ಬಿಡದೆ ಬರುತ್ತಿದ್ದರೆ, ಬದುಕುವುದೇ ಬೇಡ ಎನ್ನಿಸಿದರೆ, ಒಬ್ಬರೇ ಕುಳಿತು ನೋಟುಪುಸ್ತಕ ಬರೆಯುವ ಹಂತ ಅದಲ್ಲ. 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ. ಉಚಿತ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಹೇಮಾವತಿ ತೀರ

ನಾನು ಗಂಡಸು, ಹಾಸನದ ಕಡೆಯವನು. ಇಲ್ಲಿ ಬರೆಯಲು ಸಂಕೋಚವಾಗುತ್ತಿದೆ. ನನಗೂ ಇದೇ ಆಗಿತ್ತು, ಆದರೆ ನನ್ನ ಜೊತೆಗಿದ್ದವರು ಹೆಂಗಸು. ನನ್ನ ಸಂಬಳ, ನನ್ನ ಫೋನು, ನಾನು ತಾಯಿಯ ಜೊತೆ ಎಷ್ಟು ಹೊತ್ತು ಮಾತನಾಡಿದೆ ಎಂಬುದು ಎಲ್ಲವೂ ಅವರ ಲೆಕ್ಕದಲ್ಲಿರುತ್ತಿತ್ತು. ಗೆಳೆಯರಿಗೆ ಹೇಳಿದಾಗ ನಕ್ಕರು, ಆಮೇಲೆ ನಾನು ಹೇಳುವುದನ್ನು ನಿಲ್ಲಿಸಿದೆ.

ನನ್ನ ತೊಂದರೆ ಬೇರೆ. ಈಗಲೂ ಅವರ ನೆನಪಾಗುತ್ತದೆ. ಜಗಳಗಳಲ್ಲ, ಜಗಳ ಮುಗಿದ ಮೇಲೆ ಅವರು ತೋರಿಸುತ್ತಿದ್ದ ಪ್ರೀತಿ ನೆನಪಾಗುತ್ತದೆ. ಅಷ್ಟು ಅವಮಾನವಾದ ಮೇಲೂ ಹಂಬಲಿಸುತ್ತೇನೆ ಎಂದರೆ ನನಗೆ ಸ್ವಾಭಿಮಾನವೇ ಇಲ್ಲ ಎಂದಲ್ಲವೇ? ಹೊಸಬರನ್ನು ಭೇಟಿಯಾದರೆ ಅವರಿಗೆ ಮೋಸ ಮಾಡಿದಂತೆ ಎನ್ನಿಸುತ್ತದೆ.

ಶಾಲ್ಮಲಾ

ನೀವು ಬರೆದದ್ದು ಒಳ್ಳೆಯದಾಯಿತು ಸರ್. ಇದು ಗಂಡಸರಿಗೂ ಆಗುತ್ತದೆ, ನನ್ನ ಬಳಿಗೆ ಬರುತ್ತಾರೆ, ಆದರೆ ತಡವಾಗಿ ಬರುತ್ತಾರೆ.

ನಿಮ್ಮ ಹಂಬಲ ಸ್ವಾಭಿಮಾನದ ಅಳತೆಯಲ್ಲ. ಡಟನ್ ಮತ್ತು ಪೇಂಟರ್ ಎಂಬ ಸಂಶೋಧಕರು ಹಿಂಸೆಯ ಸಂಬಂಧವನ್ನು ಬಿಟ್ಟುಬಂದ 75 ಮಹಿಳೆಯರನ್ನು ಅಧ್ಯಯನ ಮಾಡಿ 1993ರಲ್ಲಿ ಪ್ರಕಟಿಸಿದರು. ಕೆಟ್ಟ ನಡತೆಯ ನಡುವೆ ಆಗಾಗ ಒಳ್ಳೆಯ ನಡತೆ ಬರುತ್ತಿದ್ದ ಸಂಬಂಧಗಳಲ್ಲಿ, ಅಧಿಕಾರ ಒಂದೇ ಕಡೆ ವಾಲಿದ್ದ ಸಂಬಂಧಗಳಲ್ಲಿ, ಬಿಟ್ಟುಬಂದ ಮೇಲೂ ಅಂಟು ಹೆಚ್ಚಾಗಿ ಉಳಿದಿತ್ತು. ಆರು ತಿಂಗಳ ನಂತರ ಆ ಅಂಟು ಸರಾಸರಿ ಕಾಲು ಭಾಗದಷ್ಟು ಮಾತ್ರ ಇಳಿದಿತ್ತು. ಅಂದರೆ ಯಾವಾಗ ಸಿಗುತ್ತದೆ ಎಂದು ತಿಳಿಯದ ಪ್ರೀತಿ, ಎಂದಿನಂತೆ ಸಿಗುವ ಪ್ರೀತಿಗಿಂತ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಅದು ಆ ಸಂಬಂಧ ನಡೆದ ರೀತಿಯ ಫಲ, ನಿಮ್ಮ ವ್ಯಕ್ತಿತ್ವದ ದೋಷವಲ್ಲ. ಆ ಅಧ್ಯಯನ ಮಹಿಳೆಯರದ್ದು ಎಂಬುದು ನಿಜ, ಆದರೆ ನೀವು ವರ್ಣಿಸಿರುವ ಜಗಳ ಮತ್ತು ಅಕ್ಕರೆಯ ಆವರ್ತನೆ ಅದೇ ರೀತಿಯದು.

ಇದರಿಂದ ಮುಂದೆ ಒಂದು ಎಚ್ಚರಿಕೆಯೂ ಬೇಕಾಗುತ್ತದೆ. ಒಳ್ಳೆಯ ಸ್ವಭಾವದ, ಹೇಳಿದ ಸಮಯಕ್ಕೆ ಕರೆ ಮಾಡುವ ವ್ಯಕ್ತಿ ಸಿಕ್ಕಾಗ ಮೊದಮೊದಲು ಸಪ್ಪೆ ಎನ್ನಿಸಬಹುದು. "ಏನೂ ಅನ್ನಿಸುತ್ತಿಲ್ಲ" ಎಂದು ಬಿಟ್ಟುಬಿಡುವ ಮೊದಲು, ನೀವು ಹುಡುಕುತ್ತಿರುವುದು ಪ್ರೀತಿಯನ್ನೋ ಆತಂಕ ಇಳಿದಾಗ ಆಗುವ ಸಮಾಧಾನವನ್ನೋ ಎಂದು ಕೇಳಿಕೊಳ್ಳಿ.

ಬಯಲುಸೀಮೆ

ಶಾಲ್ಮಲಾ ಮೇಡಂ ಅವರ ಮಾತುಗಳನ್ನು ಗೌರವದಿಂದಲೇ ಓದಿದೆ. ಆದರೆ ಮೊದಲು ಪೂರ್ತಿ ಗುಣವಾಗಬೇಕು, ಆಮೇಲೆ ಸಂಬಂಧ ಎಂಬ ಈ ಚರ್ಚೆಯ ಆಧಾರವನ್ನೇ ನಾನು ಒಪ್ಪುವುದಿಲ್ಲ. ನನ್ನ ತಂಗಿ ಇಂಥದ್ದೇ ಸಂಬಂಧದಿಂದ ಹೊರಬಂದು ಕೆಲವೇ ತಿಂಗಳಲ್ಲಿ ಈಗಿನ ನಮ್ಮ ಭಾವನನ್ನು ಭೇಟಿಯಾದಳು. ಅವಳು ಮತ್ತೆ ಗಟ್ಟಿಯಾಗಿ ಮಾತನಾಡಲು ಕಲಿತದ್ದು ಅವರ ಜೊತೆಯಲ್ಲೇ. ಮನುಷ್ಯರಿಂದ ಆದ ಗಾಯ ಮನುಷ್ಯರಿಂದಲೇ ಮಾಯಬೇಕು. ಕೊಠಡಿಯಲ್ಲಿ ಒಬ್ಬರೇ ಕುಳಿತು ಸ್ವಾಭಿಮಾನ ಬೆಳೆಸಿಕೊಂಡವರನ್ನು ನಾನು ನೋಡಿಲ್ಲ. ಒಂದೂವರೆ ವರ್ಷದ ಲೆಕ್ಕವಂತೂ ಎಲ್ಲಿಂದ ಬಂತೋ ತಿಳಿಯದು.

ಕೊಡಚಾದ್ರಿ

ನಾನು ಹೇಳಿದ್ದು ಅನುಭವಿಗಳಿಂದ ಕೇಳಿದ ಲೆಕ್ಕ. ನಿಮ್ಮ ತಂಗಿಗೆ ಒಳ್ಳೆಯವರು ಸಿಕ್ಕರು, ಸಂತೋಷ. ಸಿಗದೇ ಇದ್ದಿದ್ದರೆ? ತೀರ್ಮಾನಿಸುವ ಶಕ್ತಿ ಇಲ್ಲದಿರುವಾಗ ಮತ್ತೆ ಅಂಥವರ ಕೈಗೇ ಸಿಕ್ಕಿಬೀಳುವ ಅಪಾಯ ಹೆಚ್ಚಲ್ಲವೇ?

ಶಾಲ್ಮಲಾ

ಇಬ್ಬರ ಮಾತಿನಲ್ಲೂ ತೂಕವಿದೆ. ಅರ್ಧ ಕಾಲದ ನಿಯಮಕ್ಕೆ ನನಗೆ ತಿಳಿದಂತೆ ಯಾವ ಆಧಾರವೂ ಇಲ್ಲ. 2015ರಲ್ಲಿ ಬ್ರಂಬಾ ಮತ್ತು ಫ್ರೇಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಬಂಧ ಮುರಿದ ಮೇಲೆ ಬೇಗ ಹೊಸ ಸಂಬಂಧಕ್ಕೆ ಹೋದವರು ಒಂಟಿಯಾಗಿದ್ದವರಿಗಿಂತ ಹೆಚ್ಚು ಆತ್ಮವಿಶ್ವಾಸದಲ್ಲಿದ್ದದ್ದು ಕಂಡುಬಂತು. ಆದರೆ ಅದು ಎಲ್ಲ ಬಗೆಯ ಸಂಬಂಧ ಮುರಿದವರ ಅಧ್ಯಯನ, ಹತೋಟಿಯ ಸಂಬಂಧದಿಂದ ಬಂದವರದ್ದಷ್ಟೇ ಅಲ್ಲ. ಮೊದಲೇ ಗಟ್ಟಿಯಾಗಿದ್ದವರು ಬೇಗ ಹೊಸ ಸಂಬಂಧಕ್ಕೆ ಹೋಗಿರುವ ಸಾಧ್ಯತೆಯೂ ಉಂಟು. ಹಾಗಾಗಿ ಬೇಗ ಹೋದರೆ ಗಟ್ಟಿಯಾಗುತ್ತೀರಿ ಎಂದು ಅದರಿಂದ ಹೇಳಲು ಬರುವುದಿಲ್ಲ.

ನಾನು ತಿಂಗಳುಗಳನ್ನು ಎಣಿಸುವುದಿಲ್ಲ. ಸಣ್ಣದೊಂದು "ಇಲ್ಲ" ಹೇಳಿ, ಎದುರಿನವರ ಮುಖ ಬಾಡಿದಾಗ ಅದನ್ನು ಸರಿಪಡಿಸಲು ಓಡದೆ ಇರಲು ಆಗುತ್ತದೆಯೇ ಎಂದು ನೋಡುತ್ತೇನೆ. ಅದು ಸ್ವಲ್ಪ ಮಟ್ಟಿಗೆ ಬಂದಿದ್ದರೆ ಹೊಸಬರನ್ನು ಭೇಟಿಯಾಗಬಹುದು. ಬಂದಿಲ್ಲದಿದ್ದರೆ ಎರಡು ವರ್ಷ ಕಳೆದಿದ್ದರೂ ಕಾಯುವುದು ಲೇಸು. ಬಯಲುಸೀಮೆ ಅವರು ಹೇಳಿದ "ಮನುಷ್ಯರಿಂದಲೇ" ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಮನುಷ್ಯರು ಮೊದಲು ಗೆಳತಿ, ಅಕ್ಕ, ಸಹೋದ್ಯೋಗಿ ಆಗಿರಲಿ. ಅವರ ಜೊತೆ ಎಡವಿದರೆ ಕಳೆದುಕೊಳ್ಳುವುದು ಕಡಿಮೆ.

ಒಳ್ಳೆಯವರು ಸಿಕ್ಕಾಗಲೂ ಆಗುವ ಒಂದು ಅಪಾಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮೊದಲು ಕೆಟ್ಟವರ ಕೈಯಲ್ಲಿದ್ದ ತೀರ್ಮಾನದ ಅಧಿಕಾರವನ್ನು ಈಗ ಒಳ್ಳೆಯವರ ಕೈಗೆ ಒಪ್ಪಿಸಿಬಿಡುತ್ತಾರೆ. "ನೀವೇ ಹೇಳಿ, ನನಗೆ ಯಾವುದಾದರೂ ಸರಿ" ಎನ್ನುತ್ತಾರೆ. ಅವರು ಹೊಗಳಿದ ದಿನ ಬದುಕು ಹಗುರ, ಸುಮ್ಮನಿದ್ದ ದಿನ ಭಾರ. ಅಂದರೆ ಪರೀಕ್ಷಕರು ಬದಲಾಗಿದ್ದಾರೆ, ಪರೀಕ್ಷೆ ಹಾಗೆಯೇ ಇದೆ.

ಸಂಜೆಮಲ್ಲಿಗೆ

ಕೆಲವು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರ ಉತ್ತರಗಳನ್ನೂ ಓದಿದೆ, ನೋಟುಪುಸ್ತಕವನ್ನೂ ಇಟ್ಟುಕೊಂಡೆ. ಒಂದು ಸಂಗತಿಯನ್ನು ಇದ್ದಂತೆಯೇ ಬರೆಯುತ್ತೇನೆ.

ನನ್ನ ಜೊತೆ ಕೊಠಡಿಯಲ್ಲಿರುವ ಗೆಳತಿ ತನ್ನ ಚಿಕ್ಕಪ್ಪನ ಮಗಳನ್ನು ಎರಡು ವಾರ ನಮ್ಮಲ್ಲಿ ಉಳಿಸಿಕೊಳ್ಳಲು ಕೇಳಿದಳು. ನನಗೆ ಪರೀಕ್ಷೆಯೊಂದರ ತಯಾರಿ ಇತ್ತು. ನಾನು ಬರೆದ ಭಯ: "ಬೇಡ ಎಂದರೆ ಅವಳು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಾಳೆ, ವಾರವಿಡೀ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ." ನಂಬಿಕೆ ನೂರಕ್ಕೆ ಎಂಬತ್ತೈದು. ಮೂರು ದಿನ ಉಳಿಯಬಹುದು, ಅದಕ್ಕಿಂತ ಹೆಚ್ಚು ಬೇಡ ಎಂದು ಹೇಳಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು, "ಸರಿ, ಉಳಿದ ದಿನಕ್ಕೆ ಪಿ.ಜಿ. ನೋಡುತ್ತೇನೆ" ಎಂದಳು. ರಾತ್ರಿ ಒಟ್ಟಿಗೇ ಊಟ ಮಾಡಿದೆವು.

ಆದರೆ ನನಗೆ ಸಮಾಧಾನವಾಗಲಿಲ್ಲ. ಅವಳು ಒಳ್ಳೆಯವಳು, ಅದಕ್ಕೇ ಸುಮ್ಮನಾದಳು ಎನ್ನಿಸಿತು. ಮರುದಿನ ಅವಳಿಗೆಂದು ಮೈಸೂರುಪಾಕು ತಂದುಕೊಟ್ಟೆ. ಇದರಿಂದ ನಾನು ಏನು ಕಲಿತಂತಾಯಿತು ಎಂಬುದೇ ತಿಳಿಯಲಿಲ್ಲ.

ಶಾಲ್ಮಲಾ

ಸಂಜೆಮಲ್ಲಿಗೆ ಅವರೇ, ಇಷ್ಟು ಸ್ಪಷ್ಟವಾಗಿ ಬರೆದದ್ದರಿಂದ ಉತ್ತರ ಕೊಡುವುದು ಸುಲಭವಾಯಿತು. ಇಲ್ಲಿ ಎರಡು ಕಡೆ ಪ್ರಯೋಗ ಸೋರಿಹೋಗಿದೆ.

ಮೊದಲನೆಯದು ಆ ಮೈಸೂರುಪಾಕು. ಸಿಹಿ ಕೊಡುವುದು ತಪ್ಪಲ್ಲ. ಆದರೆ ಅದು ಇಲ್ಲಿ ದಂಡ ಕಟ್ಟಿದಂತೆ ಆಗಿದೆ. ಈಗ ನಿಮ್ಮ ಮನಸ್ಸು ಗೆಳೆತನ ಉಳಿದದ್ದು ಸಿಹಿಯಿಂದ ಎಂದು ಲೆಕ್ಕ ಹಾಕುತ್ತದೆ. ಮುಂದಿನ ಸಲ ಒಂದು ವಾರ ಏನನ್ನೂ ಸರಿದೂಗಿಸದೆ ಬಿಡಿ. ನೋಟುಪುಸ್ತಕದಲ್ಲಿ "ಭಯದಿಂದ ನಾನು ಇನ್ನೇನು ಮಾಡಿದೆ?" ಎಂಬ ಒಂದು ಅಂಕಣವನ್ನೂ ಸೇರಿಸಿಕೊಳ್ಳಿ. ಅತಿಯಾದ ವಿವರಣೆ, ಎರಡನೆಯ ಕ್ಷಮೆಯ ಸಂದೇಶ, ಉಡುಗೊರೆ, ಬಿಲ್ಲಿನ ಚಿತ್ರ ಎಲ್ಲವೂ ಅಲ್ಲಿಗೆ ಬರಲಿ. ಆ ಅಂಕಣ ಖಾಲಿಯಾಗುತ್ತಾ ಬಂದರೆ ನೀವು ಮುಂದೆ ಹೋಗುತ್ತಿದ್ದೀರಿ ಎಂದು ತಿಳಿಯಬಹುದು. ಸಂತೋಷ ಎಷ್ಟಿದೆ ಎಂಬುದನ್ನು ನೋಡುತ್ತಾ ಕೂರಬೇಡಿ, ಅದು ಬಹಳ ತಡವಾಗಿ ಬರುತ್ತದೆ.

ಎರಡನೆಯದು "ಅವಳು ಒಳ್ಳೆಯವಳು, ಅದಕ್ಕೇ" ಎಂಬ ಮಾತು. ಇದು ಪ್ರತಿಯೊಬ್ಬರಲ್ಲೂ ಬರುತ್ತದೆ. ಅದಕ್ಕೆ ವಾದ ಬೇಡ, ಇನ್ನೊಂದು ಸಂದರ್ಭ ಸಾಕು. ಸಹೋದ್ಯೋಗಿ, ಅಂಗಡಿಯವರು, ಆಟೊ ಚಾಲಕರು, ಅಣ್ಣ, ಹೀಗೆ ಬೇರೆ ಬೇರೆ ಸ್ವಭಾವದವರ ಜೊತೆ ಮಾಡಿ. ಎಲ್ಲರೂ ಅಷ್ಟೊಂದು ಒಳ್ಳೆಯವರಾಗಿರಲು ಸಾಧ್ಯವಿಲ್ಲ. ಕೆಲವರು ನಿಜವಾಗಿಯೂ ಮುಖ ಊದಿಸಿಕೊಳ್ಳುತ್ತಾರೆ, ಅದೂ ಆಗಬೇಕು. ಇನ್ನೊಬ್ಬರ ಅಸಮಾಧಾನ ತಾನಾಗಿಯೇ ಇಳಿಯುತ್ತದೆ, ಅದಕ್ಕೆ ನಾನು ಕ್ಷಮೆ ಕೇಳಬೇಕಾಗಿಲ್ಲ ಎಂಬುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು.

ನೀವು ಗಮನಿಸದ ಒಂದು ಸಂಗತಿಯನ್ನೂ ಹೇಳುತ್ತೇನೆ. ಎರಡು ವಾರ ಕೇಳಿದ್ದಕ್ಕೆ ನೀವು ಮೂರು ದಿನ ಎಂದಿರಿ. ನಿಮಗೆ ಎಷ್ಟು ಸಾಧ್ಯ ಎಂಬುದನ್ನು ಅಳೆದು, ಅಷ್ಟನ್ನೇ ಹೇಳಿದಿರಿ. ಇಡ್ಲಿಯೋ ಖಾರಾಬಾತೋ ಎಂದು ಸಾಲಿನಿಂದ ಆಚೆ ಬಂದವರು ನೀವೇ.

ಹೇಮಾವತಿ ತೀರ

ಭೇಟಿಯ ಹಂತಕ್ಕೆ ಬಂದಾಗ ಏನು ಮಾಡಬೇಕು ಮೇಡಂ? ನಾನು ಒಬ್ಬರನ್ನು ಒಮ್ಮೆ ಭೇಟಿಯಾದೆ. ಅವರು ಫೋನ್ ನೋಡಿದರೆ ಸಾಕು, ಯಾರ ಸಂದೇಶ ಎಂದು ತಿಳಿಯಬೇಕೆನಿಸುತ್ತಿತ್ತು. ನನಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡುತ್ತೇನೇನೋ ಎಂದು ಹೆದರಿ ಮತ್ತೆ ಹೋಗಲಿಲ್ಲ.

ಶಾಲ್ಮಲಾ

ತಿಳಿಯಬೇಕೆನಿಸುವುದು ಬೇರೆ, ಕೇಳಿ ಪುರಾವೆ ಪಡೆಯುವುದು ಬೇರೆ. ನೀವು ಕೇಳಲಿಲ್ಲ ಎಂಬುದನ್ನು ನೆನಪಿಡಿ. ಮೋಸ ಅಥವಾ ಹತೋಟಿಯನ್ನು ಅನುಭವಿಸಿದವರ ಕಣ್ಣು ಕಾವಲು ಕಾಯುತ್ತಲೇ ಇರುತ್ತದೆ. ಎದುರಿನವರನ್ನು ಪರೀಕ್ಷಿಸುತ್ತಾ ಕೂತರೆ ಪ್ರತಿಯೊಂದೂ ಅಪಾಯದ ಗುರುತಿನಂತೆಯೇ ಕಾಣುತ್ತದೆ. ಅದರ ಬದಲು ಮೊದಲ ಕೆಲವು ಭೇಟಿಗಳಲ್ಲಿ ನಿಮ್ಮ ಕಡೆಯ ಮೂರು ವಿಷಯಗಳನ್ನು ಮುಂಚಿತವಾಗಿ ನಿರ್ಧರಿಸಿಕೊಳ್ಳಿ: ಎಷ್ಟು ಹೊತ್ತಿಗೆ ಏಳುವುದು, ಹೇಗೆ ಮನೆಗೆ ಹೋಗುವುದು, ಯಾವ ಒಂದು ಅಭಿಪ್ರಾಯವನ್ನು ಮುಚ್ಚಿಡದೆ ಹೇಳುವುದು. ಮನೆಗೆ ಬಂದ ಮೇಲೆ "ಅವರಿಗೆ ನಾನು ಇಷ್ಟವಾದೆನೇ?" ಎಂಬುದಕ್ಕಿಂತ ಮೊದಲು "ಆ ಮೂರನ್ನೂ ಉಳಿಸಿಕೊಂಡೆನೇ?" ಎಂದು ಬರೆಯಿರಿ.

ಎದುರಿನವರ ಬಗ್ಗೆ ತಿಳಿಯಲು ಒಂದು ಸಹಜ ಸಂದರ್ಭ ಸಾಕಾಗುತ್ತದೆ. ಅವರು ಹೇಳಿದ ದಿನ ನಿಮಗೆ ಆಗದಿದ್ದರೆ ಆಗುವುದಿಲ್ಲ ಎನ್ನಿ, ಬೇರೆ ದಿನ ಸೂಚಿಸಿ. ಬೇಸರಪಟ್ಟುಕೊಳ್ಳುವುದು ಎಲ್ಲರಿಗೂ ಸಹಜ. ಆ ಬೇಸರವನ್ನು ನೀವು ತೀರಿಸಬೇಕಾದ ಸಾಲದಂತೆ ಮಾಡುತ್ತಾರೆಯೇ ಎಂದು ಗಮನಿಸಿ. ಎರಡನೆಯ ಭೇಟಿಗೇ ಮದುವೆ, ಮಕ್ಕಳ ಮಾತು, ದಿನಕ್ಕೆ ಹತ್ತಾರು ಕರೆ, "ನಿನ್ನಂಥವರು ಇನ್ನೊಬ್ಬರಿಲ್ಲ" ಎಂಬ ಹೊಗಳಿಕೆ ಬಂದಾಗ, "ಸ್ವಲ್ಪ ನಿಧಾನವಾಗಿ ಹೋಗೋಣ" ಎಂದು ಹೇಳಿ ನೋಡಿ. ನಿಧಾನಿಸುವವರು ಉತ್ಸಾಹಿಗಳಷ್ಟೇ. ಸಿಟ್ಟಾಗುವವರಿಂದ ದೂರವಿರಿ.

ಅಮ್ಮನ ಅಂಗಳ

ನಾನು ಮೊದಲು ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ತಿಳಿದುಕೊಂಡಿದ್ದೆ ಮಗಳೇ. ಇಷ್ಟೆಲ್ಲ ಓದಿದ ಮೇಲೆ ತಾಯಿಯಾಗಿ ಒಂದು ಮಾತು. ಮನೆಯಲ್ಲಿ ಗಂಡು ನೋಡುತ್ತಿರುವಾಗ ಈ ಮೂರು ದಿನದ "ಇಲ್ಲ" ನಮ್ಮಂಥವರಿಗೂ ಹೇಳಬೇಕಾಗುತ್ತದೆ. ಪೂರ್ತಿ ಬೇಡ ಎಂದರೆ ಮನೆಯವರಿಗೆ ದಿಗಿಲು. "ಯುಗಾದಿಯವರೆಗೆ ಯಾರ ಜಾತಕವನ್ನೂ ತರಬೇಡಿ, ಆಮೇಲೆ ನಾನೇ ಹೇಳುತ್ತೇನೆ" ಎಂದು ದಿನ ಗೊತ್ತುಮಾಡಿ ಹೇಳು. ತಂದೆ ತಾಯಿಗೆ ಗಡುವು ಗೊತ್ತಿದ್ದರೆ ಕಾಯುವುದು ಸುಲಭ. ನಿನ್ನ ಅಪ್ಪನಿಗೆ ಹೇಳುವುದು ಕಷ್ಟವಾದರೆ ಸೋದರಮಾವನ ಮೂಲಕ ಹೇಳಿಸು. ಹಳೆಯ ಸಂಬಂಧದ ವಿಷಯವನ್ನು ಮಾತ್ರ ನೋಡಲು ಬಂದವರ ಮುಂದೆ ಎತ್ತಬೇಡ. ನಮ್ಮ ಕಡೆ ಅದನ್ನು ಕೇಳಿಸಿಕೊಳ್ಳುವ ಮನಸ್ಸು ಇನ್ನೂ ಬಂದಿಲ್ಲ.

ಬಯಲುಸೀಮೆ

ಗಡುವಿನ ಮಾತು ಬಹಳ ಚೆನ್ನಾಗಿದೆ ಅಮ್ಮ. ಆದರೆ ಮುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ. ನನ್ನ ತಂಗಿ ಎರಡನೆಯ ಭೇಟಿಯಲ್ಲೇ ಎಲ್ಲವನ್ನೂ ಹೇಳಿದ್ದಳು. ಕೇಳಿಸಿಕೊಂಡ ರೀತಿಯಿಂದಲೇ ಅವರು ಎಂಥವರು ಎಂದು ಗೊತ್ತಾಯಿತು.

ಶಾಲ್ಮಲಾ

ಈ ವಿಷಯದಲ್ಲಿ ನನ್ನ ಬಳಿ ಬಂದವರ ಅನುಭವಗಳೂ ಎರಡೂ ಬಗೆಯಲ್ಲಿವೆ. ಬೇಗ ಹೇಳಿ ನೆಮ್ಮದಿ ಕಂಡವರಿದ್ದಾರೆ. ಹೇಳಿದ ವಿವರಗಳೇ ಮುಂದೆ ಜಗಳದಲ್ಲಿ "ಅದಕ್ಕೇ ಅವನು ನಿನ್ನನ್ನು ಹಾಗೆ ನಡೆಸಿಕೊಂಡ" ಎಂಬ ಆಯುಧವಾಗಿ ಮರಳಿ ಬಂದವರೂ ಇದ್ದಾರೆ. ನಾನು ಹೇಳುವುದಿಷ್ಟೇ: ಸಂಬಂಧವಿತ್ತು, ಅದರಲ್ಲಿ ಗೌರವವಿರಲಿಲ್ಲ, ನಾನೇ ಹೊರಬಂದೆ ಎಂಬ ಮೂರು ಮಾತುಗಳನ್ನು ಹೇಳುವುದಕ್ಕೂ, ಎಲ್ಲ ಅವಮಾನಗಳನ್ನು ಬಿಡಿಸಿಡುವುದಕ್ಕೂ ನಡುವೆ ಅಂತರವಿದೆ. ವಿವರಗಳು ಎದುರಿನವರ ನಡತೆಯನ್ನು ಕೆಲವು ತಿಂಗಳು ನೋಡಿದ ಮೇಲೆ ಬರಲಿ. ಮನೆಯವರು ಹುಡುಕಿದ ಸಂಬಂಧದಲ್ಲಿ ಅಷ್ಟು ಸಮಯ ಸಿಗುವುದಿಲ್ಲ ಎಂಬುದು ನಿಜವಾದ ತೊಡಕು. ಅದಕ್ಕೆ ನನ್ನಲ್ಲಿ ಎಲ್ಲರಿಗೂ ಹೊಂದುವ ಉತ್ತರವಿಲ್ಲ.

ಸಂಜೆಮಲ್ಲಿಗೆ

ಅಮ್ಮನವರು ಹೇಳಿದಂತೆ ಸೋದರಮಾವನ ಜೊತೆ ಮಾತನಾಡಿದೆ, ಯುಗಾದಿಯವರೆಗೆ ಎಂದು ಗಡುವು ಹೇಳಿಸಿದ್ದೇನೆ. ಅಪ್ಪ ಫೋನಿನಲ್ಲಿ ಚುಟುಕಾಗಿ ಮಾತನಾಡಿ ಇಟ್ಟುಬಿಟ್ಟರು. ಮತ್ತೆ ಕರೆ ಮಾಡಿ ಸಮಾಧಾನ ಮಾಡಬೇಕೆಂದು ಕೈ ಹೋಯಿತು, ಮಾಡಲಿಲ್ಲ. ನಾಲ್ಕನೆಯ ದಿನ ಅವರೇ ಕರೆ ಮಾಡಿ ಊರಲ್ಲಿ ಮೆಕ್ಕೆಜೋಳದ ಬೆಲೆ ಬಿದ್ದಿರುವುದನ್ನು ಹೇಳಿದರು. ಮದುವೆಯ ಮಾತು ಬರಲಿಲ್ಲ. ಹೊಸ ಅಂಕಣದಲ್ಲಿ ಆ ವಾರ ಒಂದೇ ನಮೂದು ಇದೆ, ಅದು ಬಿಲ್ಲಿನ ಚಿತ್ರ. ತೆಗೆದದ್ದು ತಿಳಿದ ಕೂಡಲೇ ಅಳಿಸಿದೆ.

ಆ್ಯಪ್ ಸದ್ಯಕ್ಕೆ ಹಾಕಿಕೊಳ್ಳುವುದಿಲ್ಲ. ಗೆಳತಿಯೊಬ್ಬರ ಸಹೋದ್ಯೋಗಿಯನ್ನು ಗುಂಪಿನಲ್ಲಿ ಎರಡು ಸಲ ಭೇಟಿಯಾಗಿದ್ದೇನೆ, ಬೇರೆಯಾಗಿ ಒಮ್ಮೆ ಕಾಫಿ ಕುಡಿಯೋಣವೇ ಎಂದು ಕೇಳಿದ್ದಾರೆ. ಶನಿವಾರ ಎಂದರು, ನನಗೆ ಶನಿವಾರ ತರಗತಿ ಇದೆ, ಭಾನುವಾರ ಬೆಳಿಗ್ಗೆ ಆಗುತ್ತದೆ ಎಂದು ಉತ್ತರಿಸಿದ್ದೇನೆ. ಅವರ ಉತ್ತರ ಇನ್ನೂ ಬಂದಿಲ್ಲ. ಹೇಳುವ ಮೂರು ಮಾತುಗಳ ವಿಷಯದಲ್ಲಿ ಬೇರೆಯವರ ಅನುಭವವಿದ್ದರೆ, ಮುಖ್ಯವಾಗಿ ಮನೆಯವರು ನೋಡಿದ ಸಂಬಂಧದಲ್ಲಿ ಯಾವ ಹಂತದಲ್ಲಿ ಹೇಳಿದಿರಿ ಎಂಬುದನ್ನು ದಯವಿಟ್ಟು ಬರೆಯಿರಿ.